ಬಾಗಿಲು ಕಿಟಕಿ ಕಳೆದು ಗೋಡೆ ಅಳೆಯೋದು: ಹಂಚಿನ ಮನೆಯ ಒಂದು ಹಾಲಿಗೆ ಎಷ್ಟು ಲೀಟರ್ ಬಣ್ಣ ಬೇಕು?

ನಮ್ಮ ಮನೆ ಕೊಟ್ಟಿಗೆಗೆ ತಿಳಿ ಪಿಸ್ತಾ ಹಸಿರು ಬಣ್ಣ ಇದೆ. ದನಗಳಿಗೆ ಅದು ಇಷ್ಟ ಅಂತ ಹೊಡೆಸಿದ್ದಲ್ಲ. ಹಾಲಿಗೆ ತಂದ ಬಣ್ಣದಲ್ಲಿ ನಾಲ್ಕು ಲೀಟರ್ ಉಳಿದಿತ್ತು. ಅಂಗಡಿಗೆ ವಾಪಸ್ ಒಯ್ದರೆ, ಮೆಷಿನ್‌ನಲ್ಲಿ ಕಲರ್ ಮಿಕ್ಸ್ ಮಾಡಿದ ಡಬ್ಬ ವಾಪಸ್ ತಗೊಳ್ಳಲ್ಲ ಎಂದರು. ಅವರ ತಪ್ಪೇನಿಲ್ಲ, ಆ ಬಣ್ಣವನ್ನು ಇನ್ನೊಬ್ಬರು ಕೊಳ್ಳುವುದಿಲ್ಲ. ತಪ್ಪು ನನ್ನ ಲೆಕ್ಕದ್ದು. ಗೋಡೆಯ ಉದ್ದ ಎತ್ತರ ಗುಣಿಸಿ, ಬಾಗಿಲು ಕಿಟಕಿ ಯಾವುದನ್ನೂ ಕಳೆಯದೆ, ಮೇಲಿಂದ 'ಇರಲಿ' ಅಂತ ಇನ್ನಷ್ಟು ಸೇರಿಸಿದ್ದೆ.

ಈ ಸಲ ದೀಪಾವಳಿ ಮುಗಿದ ಮೇಲೆ ತೀರ್ಥಹಳ್ಳಿ ಕಡೆ ಇರುವ ಅಕ್ಕನ ಮನೆಗೆ ಬಣ್ಣ ಮಾಡಿಸುವ ಮಾತು ಬಂತು. ಆಗ ಟೇಪು ಹಿಡಿದುಕೊಂಡು ಸರಿಯಾಗಿ ಅಳೆದೆವು. ಅದೇ ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇನೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚಿನ ಮಾಡು, ಒಳಗೆ ಸೀಲಿಂಗ್ ಇಲ್ಲ. ಮಲೆನಾಡಿನಲ್ಲಿ ಇಂಥ ಮನೆ ಬೇಕಾದಷ್ಟಿವೆ. ಆರ್‌ಸಿಸಿ ಮನೆಯಾದರೆ ಇನ್ನೂ ಸುಲಭ, ತ್ರಿಕೋನದ ಭಾಗ ಬಿಟ್ಟುಬಿಡಿ.

ಮೊದಲು ಅಡಿ ಇಂಚಿನ ಗೊಂದಲ ತೀರಿಸಿ

ಲೆಕ್ಕ ಕೆಡುವುದು ಹೆಚ್ಚಾಗಿ ಗುಣಾಕಾರದಲ್ಲಲ್ಲ, ಅಳತೆ ಬರೆದುಕೊಳ್ಳುವುದರಲ್ಲಿ. ಟೇಪಿನಲ್ಲಿ 11 ಅಡಿ 10 ಇಂಚು ಬಂತು ಅನ್ನಿ. ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ಅದನ್ನು 11.10 ಎಂದು ಒತ್ತುವವರು ಬಹಳ ಜನ. ಆದರೆ ಅಡಿಗೆ ಹತ್ತು ಇಂಚಲ್ಲ, ಹನ್ನೆರಡು. ಇಂಚನ್ನು 12ರಿಂದ ಭಾಗಿಸಿ ಅಡಿಗೆ ಕೂಡಿಸಬೇಕು. 10 ಭಾಗಿಸು 12 ಅಂದರೆ 0.83. ಹಾಗಾಗಿ ಅದು 11.83 ಅಡಿ. 9 ಅಡಿ ಎತ್ತರದ ಗೋಡೆಯಾದರೆ ಸರಿಯಾದ ಲೆಕ್ಕ ಸುಮಾರು 106 ಚದರ ಅಡಿ, ತಪ್ಪು ಲೆಕ್ಕ ಬರೀ 100. ಒಂದೇ ಗೋಡೆಯಲ್ಲಿ ಆರು ಅಡಿ ಹೋಯಿತು.

3 ಇಂಚು ಅಂದರೆ 0.25, 6 ಇಂಚು 0.5, 9 ಇಂಚು 0.75. ಈ ಮೂರು ಬಾಯಿಗೆ ಬಂದರೆ ಮನೆಯ ಬಹುಪಾಲು ಅಳತೆ ಮುಗಿದ ಹಾಗೆ. ಉಳಿದವಕ್ಕೆ ಭಾಗಾಕಾರ ಮಾಡಿಕೊಳ್ಳಿ.

ಗೋಡೆ, ಮತ್ತು ಮಾಡಿನ ಕೆಳಗಿನ ತ್ರಿಕೋನ

ಅಕ್ಕನ ಮನೆ ಹಾಲಿನ ಒಳ ಅಳತೆ 18 ಅಡಿ ಉದ್ದ, 12 ಅಡಿ ಅಗಲ. ಉದ್ದದ ಎರಡು ಗೋಡೆಗಳ ಮೇಲೆ ಮಾಡು ಇಳಿದು ಕೂತಿದೆ. ಅಲ್ಲಿ ಎತ್ತರ 9 ಅಡಿ. ಅಗಲದ ಎರಡು ಗೋಡೆಗಳು 9 ಅಡಿಯವರೆಗೆ ನೇರ ಹೋಗಿ, ಅಲ್ಲಿಂದ ಮೇಲೆ ಚೂಪಾಗುತ್ತಾ ತುದಿಯಲ್ಲಿ 13 ಅಡಿ ಮುಟ್ಟುತ್ತವೆ.

ಆ ತುದಿಯ ಎತ್ತರ ಅಳೆಯೋದು ಹೇಗೆ? ಏಣಿ ಹತ್ತಿ ಟೇಪು ಹಿಡಿಯುವ ಸಾಹಸ ಬೇಡ. ಭಾವ ಅಟ್ಟದಿಂದ ಅಡಕೆ ಕೊನೆ ತೆಗೆಯುವ ದೋಟಿಯ ಒಂದು ತುಂಡು ತಂದರು. ಅದರ ತುದಿಗೆ ಟೇಪಿನ ಕೊಕ್ಕೆ ಕಟ್ಟಿ ಮೇಲಕ್ಕೆ ಎತ್ತಿದೆವು. ಕೆಳಗೆ ನಿಂತವರು ನೆಲದ ಹತ್ತಿರ ಓದಿದರು. ಎರಡು ನಿಮಿಷದ ಕೆಲಸ.

ಈಗ ಲೆಕ್ಕ. ಮೊದಲು ತ್ರಿಕೋನ ಬಿಟ್ಟು, ನಾಲ್ಕೂ ಗೋಡೆಗಳನ್ನು 9 ಅಡಿಯವರೆಗೆ ಒಟ್ಟಿಗೆ ತೆಗೆದುಕೊಳ್ಳಿ. ಸುತ್ತಳತೆ 18 + 12 + 18 + 12 = 60 ಅಡಿ. 60 × 9 = 540 ಚದರ ಅಡಿ.

ಇನ್ನು ತ್ರಿಕೋನ. ಬುಡ 12 ಅಡಿ, ಎತ್ತರ 13ರಲ್ಲಿ 9 ಕಳೆದರೆ 4 ಅಡಿ. ಶಾಲೆಯಲ್ಲಿ ಕಲಿತದ್ದೇ, ಬುಡ ಗುಣಿಸು ಎತ್ತರ, ಅದರಲ್ಲಿ ಅರ್ಧ. 12 × 4 = 48, ಅರ್ಧ 24. ಎರಡು ಬದಿಗೆ 48. ಎಲ್ಲಾ ಸೇರಿ 588 ಚದರ ಅಡಿ.

ನನ್ನ ಮನೆಯಲ್ಲಿ ನಾನು ಎಡವಿದ್ದು ಇಲ್ಲೂ ಹೌದು. ಚೂಪು ಗೋಡೆಗೆ ತುದಿಯ ಎತ್ತರವನ್ನೇ ಇಟ್ಟು ಗುಣಿಸಿದ್ದೆ. ಅಕ್ಕನ ಮನೆಗೆ ಹಾಗೆ ಮಾಡಿದ್ದರೆ ಒಂದೊಂದು ಗೋಡೆಗೆ 12 × 13 = 156 ಬರುತ್ತಿತ್ತು, ನಿಜವಾಗಿ ಇರುವುದು 132. ಇಲ್ಲದ ಗೋಡೆಗೆ ಬಣ್ಣ ತಂದ ಹಾಗೆ.

ಹಿಂದಿನ ಬಚ್ಚಲು, ಸೌದೆ ಕೋಣೆಗಳಿಗೆ ಒಂದೇ ಕಡೆ ಇಳಿಜಾರಿನ ಮಾಡು ಇರುತ್ತದಲ್ವಾ? ಅಲ್ಲಿ ಪಕ್ಕದ ಗೋಡೆ ಒಂದು ತುದಿಗೆ 8 ಅಡಿ, ಇನ್ನೊಂದು ತುದಿಗೆ 6 ಅಡಿ ಇದ್ದರೆ ಸರಾಸರಿ 7 ಹಿಡಿದು ಉದ್ದಕ್ಕೆ ಗುಣಿಸಿದರೆ ಸಾಕು.

ಕಳೆಯುವುದು

ಬಾಗಿಲು ಅಳೆಯುವಾಗ ಹಲಗೆಯನ್ನಷ್ಟೇ ಅಳೆಯಬೇಡಿ. ದಾರಂದದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ದಾರಂದಕ್ಕೂ ಗೋಡೆ ಬಣ್ಣ ಬೀಳುವುದಿಲ್ಲ. ಹಳೇ ಮನೆಗಳಲ್ಲಿ ಈ ಮರ ನಾಲ್ಕೈದು ಇಂಚು ಅಗಲ ಇರುವುದರಿಂದ ಎರಡು ಕಡೆ ಸೇರಿ ಮುಕ್ಕಾಲು ಅಡಿ ವ್ಯತ್ಯಾಸ ಬರುತ್ತದೆ.

ಅಕ್ಕನ ಹಾಲಿನಲ್ಲಿ ಹೀಗಿತ್ತು. ಎದುರು ಬಾಗಿಲು 3 ಅಡಿ 6 ಇಂಚು × 7 ಅಡಿ, ಅಂದರೆ 24.5. ಕೋಣೆಯ ಬಾಗಿಲು 3 × 7 = 21. ಊಟದ ಮನೆಗೆ ಹೋಗುವ ಕಡೆ ಬಾಗಿಲಿಲ್ಲ, ಬರೀ ತೆರೆದ ಜಾಗ. ಅದು 5 × 7 = 35. ಕಿಟಕಿ ಮೂರು, ಒಂದೊಂದು 4 ಅಡಿ ಅಗಲ, 4 ಅಡಿ 6 ಇಂಚು ಎತ್ತರ. ಒಂದಕ್ಕೆ 18, ಮೂರಕ್ಕೆ 54. ಚೂಪು ಗೋಡೆಗಳ ಮೇಲ್ಭಾಗದಲ್ಲಿ ಗಾಳಿಗೆ ಬಿಟ್ಟ ಒಂದೂವರೆ ಅಡಿಯ ಚೌಕದ ಕಿಂಡಿ ಎರಡು, ಸೇರಿ 4.5.

ಎಲ್ಲಾ ಕೂಡಿದರೆ 139 ಚದರ ಅಡಿ. ಒಟ್ಟು ಗೋಡೆಯ ಕಾಲು ಭಾಗಕ್ಕೆ ಹತ್ತಿರ! ಇದನ್ನು 'ಅಡ್ಜಸ್ಟ್ ಆಗತ್ತೆ' ಅಂತ ಬಿಡುವ ಸಂಖ್ಯೆ ಅಲ್ಲ.

ಮತ್ತೆ ಕೂಡಿಸುವುದು

ಇಲ್ಲಿ ನಿಲ್ಲಿಸಿದರೆ ಬಣ್ಣ ಕಮ್ಮಿ ಬೀಳುತ್ತದೆ. ನಮ್ಮ ಕಡೆಯ ಗೋಡೆಗಳು ದಪ್ಪ. ಕಿಟಕಿ ಚೌಕಟ್ಟು ಗೋಡೆಯ ನಡುವೆಯೋ ಹೊರ ಅಂಚಿಗೋ ಕೂತಿರುತ್ತದೆ. ಒಳಗಿನಿಂದ ನೋಡಿದರೆ ಎಡಕ್ಕೆ, ಬಲಕ್ಕೆ, ಮೇಲೆ, ಗೋಡೆಯ ದಪ್ಪ ಕಾಣುತ್ತದೆ. ಆ ಮಗ್ಗುಲುಗಳಿಗೂ ಬಣ್ಣ ಬೇಕು. ಕಿಟಕಿಯನ್ನು ಪೂರ್ತಿ ಕಳೆದಾಗ ಇವು ಲೆಕ್ಕದಲ್ಲೇ ಇರುವುದಿಲ್ಲ.

ಅಕ್ಕನ ಮನೆಯಲ್ಲಿ ಕಿಟಕಿಯ ಒಳಬದಿಗೆ 6 ಇಂಚು ಗೋಡೆ ಕಾಣುತ್ತದೆ. ಎರಡು ಬದಿ ತಲಾ 4.5 ಅಡಿ, ಮೇಲೆ 4 ಅಡಿ, ಒಟ್ಟು 13 ಅಡಿ ಉದ್ದದ ಪಟ್ಟಿ. 13 × 0.5 = 6.5. ಕೆಳಗಿನ ಅಂಚಿಗೆ ಕಡಪ ಕಲ್ಲು ಹಾಕಿದ್ದಾರೆ, ಅದಕ್ಕೆ ಬಣ್ಣವಿಲ್ಲ. ಮೂರು ಕಿಟಕಿಗೆ 19.5 ಚದರ ಅಡಿ.

ಊಟದ ಮನೆಯ ತೆರೆದ ಜಾಗದಲ್ಲಿ ಗೋಡೆ ಪೂರ್ತಿ ಒಂದು ಅಡಿ ದಪ್ಪ. 7 + 7 + 5 = 19 ಅಡಿ ಉದ್ದ, ಒಂದು ಅಡಿ ಅಗಲ, 19 ಚದರ ಅಡಿ. ಇದು ಹಾಲಿಗೆ ಸೇರಿದ್ದೋ ಊಟದ ಮನೆಗೋ? ಎರಡೂ ಕಡೆ ಬೇರೆ ಬಣ್ಣವಾದರೆ ಮೊದಲೇ ತೀರ್ಮಾನ ಮಾಡಿ, ಎರಡು ಕಡೆ ಲೆಕ್ಕಕ್ಕೂ ಸೇರಿಸಬೇಡಿ. ಅಕ್ಕ ಹಾಲಿನ ಬಣ್ಣವೇ ಇರಲಿ ಎಂದಳು. ಬಾಗಿಲುಗಳ ದಾರಂದ ಹಾಲಿನ ಗೋಡೆಯ ಮಟ್ಟಕ್ಕೇ ಇದ್ದದ್ದರಿಂದ ಅಲ್ಲಿ ಮಗ್ಗುಲು ಇಲ್ಲ. ಕಿಂಡಿಗಳ ಮಗ್ಗುಲನ್ನು ನಾನು ಬಿಟ್ಟುಬಿಟ್ಟೆ, ಅಷ್ಟು ಸಣ್ಣದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹೀಗೆ ವಾಪಸ್ ಬಂದದ್ದು 38.5. ಕೊನೆಯ ಲೆಕ್ಕ:

588 − 139 + 38.5 = 487.5 ಚದರ ಅಡಿ

ಬಣ್ಣ ತರಲು ಬೇಕಾದ ಸಂಖ್ಯೆ ಇದು. ಪೇಂಟರ್‌ಗೆ ಕೂಲಿ ಕೊಡಲು ಇದೇ ಸಂಖ್ಯೆ ಬರುತ್ತದೆ ಅಂದುಕೊಂಡರೆ ಜಗಳ ಆಗುತ್ತದೆ.

ಪೇಂಟರ್ ಲೆಕ್ಕ ಬೇರೆ ಯಾಕೆ

ಭಾವ ನಮ್ಮ ಚೀಟಿ ತೋರಿಸಿದಾಗ ಪೇಂಟರ್ ನಕ್ಕರು. 'ಬಾಗಿಲು ಕಿಟಕಿ ಪೂರ್ತಿ ಕಳೆದರೆ ನಮಗೆ ಗಿಟ್ಟಲ್ಲ ಭಟ್ರೇ, ಅದರ ಅಂಚು ಹೊಡೆಯೋದೇ ದೊಡ್ಡ ಕೆಲಸ' ಎಂದರು. ಭಾವನಿಗೆ ಸಿಟ್ಟು ಬಂತು. ನನಗೆ ಅವರ ಮಾತು ನ್ಯಾಯವಾಗಿಯೇ ಕಂಡಿತು. ಖಾಲಿ ಗೋಡೆಗೆ ರೋಲರ್ ಓಡಿಸುವುದು ಬೇಗ ಆಗುತ್ತದೆ. ದಾರಂದಕ್ಕೆ ತಾಗದ ಹಾಗೆ ಬ್ರಷ್‌ನಲ್ಲಿ ಗೆರೆ ಎಳೆಯುವುದು, ಮಗ್ಗುಲು ತುಂಬುವುದು ನಿಧಾನದ ಕೆಲಸ.

ಸರ್ಕಾರಿ ಕಟ್ಟಡಗಳ ಕೆಲಸ ಅಳೆಯಲು ಭಾರತೀಯ ಮಾನಕ ಐಎಸ್ 1200 ಎಂಬುದಿದೆ. ಅದೂ ಹೆಚ್ಚು ಕಡಿಮೆ ಈ ನ್ಯಾಯವನ್ನೇ ಒಪ್ಪುತ್ತದೆ. ಅರ್ಧ ಚದರ ಮೀಟರ್‌ವರೆಗಿನ, ಅಂದರೆ ಸುಮಾರು 5.4 ಚದರ ಅಡಿಯವರೆಗಿನ ತೆರವನ್ನು ಕಳೆಯುವುದೇ ಇಲ್ಲ. ಅದರ ಮಗ್ಗುಲನ್ನು ಕೂಡಿಸುವುದೂ ಇಲ್ಲ. ನಮ್ಮ ಗಾಳಿ ಕಿಂಡಿ ಇಲ್ಲಿಗೆ ಬರುತ್ತದೆ. ಅಲ್ಲಿಂದ 3 ಚದರ ಮೀಟರ್‌ವರೆಗೆ, ಅಂದರೆ ಸುಮಾರು 32 ಚದರ ಅಡಿಯವರೆಗೆ, ಗೋಡೆಯ ಎರಡೂ ಮುಖಕ್ಕೆ ಒಂದೇ ಬಗೆಯ ಬಣ್ಣವಿದ್ದರೆ ಒಂದು ಮುಖದಲ್ಲಿ ಮಾತ್ರ ಕಳೆಯುತ್ತಾರೆ. ಇನ್ನೊಂದು ಮುಖದಲ್ಲಿ ಕಳೆಯದೆ ಬಿಟ್ಟದ್ದೇ ಮಗ್ಗುಲಿನ ಕೂಲಿ. 32 ದಾಟಿದರೆ ಎರಡೂ ಮುಖದಲ್ಲಿ ಕಳೆದು, ಮಗ್ಗುಲನ್ನು ಬೇರೆಯಾಗಿ ಅಳೆದು ಕೂಡಿಸುತ್ತಾರೆ.

ಕೋಣೆಯ ಬಾಗಿಲು ತಗೊಳ್ಳಿ, 21 ಚದರ ಅಡಿ. ಬಣ್ಣದ ಲೆಕ್ಕದಲ್ಲಿ ಹಾಲಿನ ಕಡೆ 21, ಕೋಣೆಯ ಕಡೆ 21, ಎರಡನ್ನೂ ಕಳೆಯುತ್ತೇವೆ. ಕೂಲಿಯ ಲೆಕ್ಕದಲ್ಲಿ ಒಂದೇ 21. ಊಟದ ಮನೆಯ ತೆರವು 35, ಅದು 32 ದಾಟಿತು, ಹಾಗಾಗಿ ಎರಡೂ ಲೆಕ್ಕದಲ್ಲಿ ಒಂದೇ ರೀತಿ. ಎದುರು ಬಾಗಿಲು ಮತ್ತು ಹೊರಗೋಡೆಯ ಕಿಟಕಿಗಳಿಗೆ ಒಳಗೊಂದು ಬಣ್ಣ, ಹೊರಗೊಂದು ಬಣ್ಣ. ಅಲ್ಲಿ ಮಗ್ಗುಲು ಯಾವ ಕಡೆ ಕಿರಿದೋ ಆ ಕಡೆಯ ಲೆಕ್ಕದಿಂದ ಕಳೆಯುವುದು ನಿಯಮ. ಎರಡೂ ಕಡೆ ಸಮ ಇದ್ದರೆ ಅರ್ಧರ್ಧ.

ಮನೆ ಕೆಲಸಕ್ಕೆ ಈ ನಿಯಮ ಯಾರನ್ನೂ ಕಟ್ಟಿಹಾಕುವುದಿಲ್ಲ. ಕೆಲವರು ಅರ್ಧ ಕಳೆಯುತ್ತಾರೆ, ಕೆಲವರು ಏನೂ ಕಳೆಯುವುದಿಲ್ಲ, ಬದಲಿಗೆ ಮಗ್ಗುಲನ್ನೂ ಕೇಳುವುದಿಲ್ಲ. ಯಾವುದಾದರೂ ಆಗಲಿ, ರೇಟ್ ಮಾತಾಡುವ ಹೊತ್ತಿಗೇ ಬರೆದಿಟ್ಟುಕೊಳ್ಳಿ. ಈ ಹಾಲಿನಲ್ಲಿ ಏನೂ ಕಳೆಯದಿದ್ದರೆ 588, ನಮ್ಮ ಲೆಕ್ಕ 487.5. ನಡುವಿನ ಅಂತರ 100 ಚದರ ಅಡಿ. ಅಡಿಗೆ 10 ರೂಪಾಯಿ ಅಂದುಕೊಂಡರೂ ಒಂದು ಹಾಲಿಗೇ ಸಾವಿರ ರೂಪಾಯಿ. ಕೆಲಸ ಮುಗಿದ ಮೇಲೆ ಮಾತಾಡುವ ವಿಷಯ ಅಲ್ಲ ಇದು.

ಒಂದೇ ಒಂದು ತಪ್ಪು ಮಾತ್ರ ಮಾಡಬೇಡಿ. ಪೇಂಟರ್‌ನ 588 ತೆಗೆದುಕೊಂಡು ಅಂಗಡಿಗೆ ಹೋಗಿ ಬಣ್ಣ ತರಬೇಡಿ.

ಚದರ ಅಡಿಯಿಂದ ಲೀಟರಿಗೆ

ಡಬ್ಬದ ಮೇಲೆ ಅಥವಾ ಕಂಪನಿಯ ಹಾಳೆಯಲ್ಲಿ ಒಂದು ಲೀಟರಿಗೆ ಇಷ್ಟು ಚದರ ಅಡಿ ಎಂದು ಬರೆದಿರುತ್ತದೆ. ಓದುವಾಗ ಮೂರು ವಿಷಯ ಗಮನಿಸಿ. ಆ ಸಂಖ್ಯೆ ಒಂದು ಕೋಟ್‌ಗೋ ಎರಡು ಕೋಟ್‌ಗೋ? ಇದನ್ನು ಗಮನಿಸದಿದ್ದರೆ ಬಣ್ಣ ಸರಿಯಾಗಿ ಅರ್ಧ ಬೀಳುತ್ತದೆ, ಇಲ್ಲವೇ ದುಪ್ಪಟ್ಟು ಆಗುತ್ತದೆ. ಎರಡನೆಯದು, ಅದು ನುಣುಪಾದ, ಹೀರದ ಗೋಡೆಯ ಸಂಖ್ಯೆ. ಮೂರನೆಯದು, ಲೆಕ್ಕ ಇರುವುದು ಡಬ್ಬದಲ್ಲಿರುವ ಬಣ್ಣಕ್ಕೆ, ನೀರು ಬೆರೆಸಿದ ಮೇಲಿನ ಬಕೆಟ್ಟಿಗಲ್ಲ.

ನಾವು ನೋಡಿದ ಒಳಗೋಡೆ ಎಮಲ್ಷನ್‌ಗೆ ಎರಡು ಕೋಟ್ ಸೇರಿ ಲೀಟರಿಗೆ 100ರಿಂದ 120 ಚದರ ಅಡಿ ಎಂದಿತ್ತು. ಕೆಳಗಿನ ಸಂಖ್ಯೆ ಹಿಡಿದರೂ 487.5 ÷ 100, ಹತ್ತಿರ ಹತ್ತಿರ 4.9 ಲೀಟರ್. ಐದು ಲೀಟರ್ ತಂದರೆ ಮುಗಿಯಿತಲ್ಲ ಎಂದರು ಭಾವ.

ಅಷ್ಟರಲ್ಲೇ ಮುಗಿಯುವುದಿಲ್ಲ. ಆ ಗೋಡೆ ವರ್ಷಗಟ್ಟಲೆ ಸುಣ್ಣ ಕಂಡದ್ದು. ಹೆರೆದು, ಅಲ್ಲಲ್ಲಿ ಪುಟ್ಟಿ ತುಂಬಿ, ಪ್ರೈಮರ್ ಹೊಡೆದರೂ ಹೊಸ ಗೋಡೆಯ ನುಣುಪು ಬರಲಿಲ್ಲ. ಕೈಯಾಡಿಸಿದರೆ ತರಿತರಿ. ಇಂಥ ಗೋಡೆ ಎಷ್ಟು ಕುಡಿಯುತ್ತದೆ ಅಂತ ಯಾವ ಡಬ್ಬವೂ ಹೇಳುವುದಿಲ್ಲ. ಗೋಡೆಯನ್ನೇ ಕೇಳಬೇಕು.

ಗೋಡೆಯನ್ನೇ ಕೇಳುವ ವಿಧಾನ

ಮೊದಲು ಒಂದು ಲೀಟರ್ ಮಾತ್ರ ತನ್ನಿ. ಪ್ರೈಮರ್ ಒಣಗಿದ ಮೇಲೆ ಗೋಡೆಯ ಸಾಧಾರಣ ಭಾಗದಲ್ಲಿ, ತೀರಾ ಚೆನ್ನಾಗಿರುವುದೂ ಬೇಡ, ತೀರಾ ಹಾಳಾದದ್ದೂ ಬೇಡ, 5 ಅಡಿ × 4 ಅಡಿ ಗುರುತು ಮಾಡಿ. ಅದು 20 ಚದರ ಅಡಿ. ಮಿಲಿಲೀಟರ್ ಗೆರೆ ಇರುವ ಒಂದು ಪ್ಲಾಸ್ಟಿಕ್ ಮಗ್ ಬೇಕು.

ನಾವು ಅರ್ಧ ಲೀಟರ್ ಬಣ್ಣಕ್ಕೆ 200 ಮಿಲಿ ನೀರು ಬೆರೆಸಿದೆವು. ಆ ಡಬ್ಬದ ಮೇಲೆ ಹೇಳಿದ ಪ್ರಮಾಣ ಅದು, ನಿಮ್ಮ ಡಬ್ಬದಲ್ಲಿ ಬೇರೆ ಇರಬಹುದು. ಒಟ್ಟು 700 ಮಿಲಿ ಆಯಿತು. ಇಲ್ಲೊಂದು ಸಣ್ಣ ಗುಟ್ಟು: ಒಣ ರೋಲರ್ ತಾನೇ ಬಹಳಷ್ಟು ಬಣ್ಣ ಕುಡಿಯುತ್ತದೆ. ಅದನ್ನು ಮೊದಲು ಬಣ್ಣದಲ್ಲಿ ಅದ್ದಿ, ಹಿಂಡಿ, ಆಮೇಲೆ ಮಗ್‌ನ ಮಟ್ಟ ನೋಡಿಕೊಳ್ಳಿ. ಇಲ್ಲದಿದ್ದರೆ ರೋಲರ್ ಕುಡಿದದ್ದನ್ನು ಗೋಡೆಯ ತಲೆಗೆ ಕಟ್ಟಿದ ಹಾಗಾಗುತ್ತದೆ.

ಮೊದಲ ಕೋಟ್‌ಗೆ ಬೆರೆಸಿದ ಬಣ್ಣ 182 ಮಿಲಿ ಹೋಯಿತು. 700ರಲ್ಲಿ 500 ಮಾತ್ರ ನಿಜವಾದ ಬಣ್ಣ. ಅಂದರೆ 182ರಲ್ಲಿ 130 ಮಿಲಿ. ಒಣಗಿದ ಮೇಲೆ ಎರಡನೇ ಕೋಟ್‌ಗೆ 154 ಮಿಲಿ, ಅದರಲ್ಲಿ ಬಣ್ಣ 110. ಎರಡನೇ ಸಲ ಗೋಡೆ ಕಡಿಮೆ ಕುಡಿಯುವುದು ಸಹಜ. ಎರಡೂ ಸೇರಿ 20 ಚದರ ಅಡಿಗೆ 240 ಮಿಲಿ, ಅಂದರೆ ಒಂದು ಚದರ ಅಡಿಗೆ 12 ಮಿಲಿ.

487.5 × 12 = 5850 ಮಿಲಿ. ಡಬ್ಬ ಹೇಳಿದ್ದು 4.9 ಲೀಟರ್, ಗೋಡೆ ಹೇಳಿದ್ದು 5.85. ರೋಲರ್, ಟ್ರೇ, ಬಕೆಟ್ಟಿನ ತಳದಲ್ಲಿ ಉಳಿಯುವುದಕ್ಕೆ ನೂರಕ್ಕೆ ಐದರಂತೆ ಸೇರಿಸಿದರೆ 6.1 ಲೀಟರ್ ಚಿಲ್ಲರೆ.

ಈ ಪರೀಕ್ಷೆಯಲ್ಲಿ ಇನ್ನೊಂದು ಉಪಯೋಗವೂ ಇದೆ. ಎರಡು ಕೋಟ್ ಆದ ಮೇಲೂ ಹಳೇ ಬಣ್ಣ ಇಣುಕುತ್ತಿದ್ದರೆ ಮೂರನೇ ಕೋಟ್ ಬೇಕು ಅಂತ ಈಗಲೇ ತಿಳಿಯುತ್ತದೆ. ಗಾಢ ನೀಲಿಯ ಮೇಲೆ ತಿಳಿ ಬಣ್ಣ ಹೊಡೆಯುವವರು ಇದನ್ನು ಖಂಡಿತ ನೋಡಿಕೊಳ್ಳಿ.

ಆದರೆ ಈ ಎಲ್ಲಾ ಲೆಕ್ಕ ಒಣಗಿದ ಗೋಡೆಗೆ ಮಾತ್ರ. ನಮ್ಮ ಮಳೆಗಾಲ ಮುಗಿದ ಕೂಡಲೇ ಗೋಡೆಯ ಬುಡದ ಎರಡು ಮೂರು ಅಡಿ ಇನ್ನೂ ಥಂಡಿ ಹಿಡಿದಿರುತ್ತದೆ. ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಅಲ್ಲಿ ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಒಳಗೆ ಬೆವರಿದ ಹಾಗೆ ನೀರು ಕೂತಿದ್ದರೆ ಬಣ್ಣದ ಮಾತು ಮುಂದಕ್ಕೆ ಹಾಕಿ. ಅಲ್ಲಿ ಎಷ್ಟು ಲೀಟರ್ ಹೊಡೆದರೂ ಮುಂದಿನ ಮಳೆಗೆ ಚಕ್ಕೆ ಏಳುತ್ತದೆ.

ಯಾವ ಡಬ್ಬ ತರೋದು

ಬಣ್ಣ ಸಾಮಾನ್ಯವಾಗಿ 1, 4, 10, 20 ಲೀಟರ್ ಡಬ್ಬದಲ್ಲಿ ಸಿಗುತ್ತದೆ. ಮೆಷಿನ್‌ನಲ್ಲಿ ಕಲರ್ ಬೆರೆಸುವ ಕೆಲವು ಡಬ್ಬಗಳಲ್ಲಿ ಬಣ್ಣದ ದ್ರವಕ್ಕೆ ಜಾಗ ಬಿಟ್ಟು 3.6 ಅಥವಾ 9 ಲೀಟರ್ ಮಾತ್ರ ತುಂಬಿರುತ್ತಾರೆ. ಡಬ್ಬದ ಗಾತ್ರ ನೋಡಿ ಮೋಸ ಹೋಗದೆ, ಬರೆದಿರುವ ಸಂಖ್ಯೆ ಓದಿ.

ನಮಗೆ ಬೇಕಾದದ್ದು 6.1. ಆರು ತಂದರೆ ಕೊನೆಯ ಗೋಡೆಯಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಹತ್ತರ ಡಬ್ಬ ಲೀಟರ್ ಲೆಕ್ಕದಲ್ಲಿ ಅಗ್ಗ, ಆದರೆ ಅಕ್ಕನ ಮನೆಗೆ ಕೊಟ್ಟಿಗೆ ಇಲ್ಲ. ಪರೀಕ್ಷೆಗೆ ತಂದ ಒಂದು ಲೀಟರ್ ಸೇರಿ, 4 ಲೀಟರಿನದೊಂದು, 1 ಲೀಟರಿನವು ಮೂರು, ಒಟ್ಟು 7 ಲೀಟರ್ ಎಂದು ತೀರ್ಮಾನಿಸಿದೆವು. ಪಕ್ಕದ ಕೋಣೆಗೂ ಅದೇ ಬಣ್ಣ ಇದ್ದಿದ್ದರೆ ಎರಡೂ ಕೂಡಿಸಿ ದೊಡ್ಡ ಡಬ್ಬವನ್ನೇ ತರುತ್ತಿದ್ದೆವು.

ಬೇರೆ ಬೇರೆ ಡಬ್ಬದ ಬಣ್ಣದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರುವುದುಂಟು. ಹಾಗಾಗಿ ಎಲ್ಲಾ ಡಬ್ಬವನ್ನೂ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಚೆನ್ನಾಗಿ ಕಲಸಿ, ಆಮೇಲೆ ಶುರು ಮಾಡಿ. ಅದು ಆಗದಿದ್ದರೆ ಒಂದು ಗೋಡೆಯ ನಡುವೆ ಡಬ್ಬ ಬದಲಾಗದಂತೆ ನೋಡಿಕೊಳ್ಳಿ. ಮೂಲೆಯಲ್ಲಿ ಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ನಾವು ಕಳೆದ ಬಾಗಿಲು ಕಿಟಕಿ ಎಲ್ಲಿ ಹೋದವು? ಅವು ಆಯಿಲ್ ಪೇಂಟಿನ ಚೀಟಿಗೆ ಹೋಗುತ್ತವೆ, ಆ ಲೆಕ್ಕ ಬೇರೆ. ಅಕ್ಕನ ಮನೆಯ ಹಲಸಿನ ಬಾಗಿಲುಗಳಿಗೆ ಬಣ್ಣವೇ ಬೇಡ, ಪಾಲಿಶ್ ಸಾಕು ಎಂದಾಯಿತು. ಕಿಟಕಿಯ ಸರಳುಗಳಿಗೆ ಮಾತ್ರ ಒಂದು ಸಣ್ಣ ಡಬ್ಬ ಕಪ್ಪು ತಂದೆವು.

ಕೆಲಸ ಮುಗಿದಾಗ ಮುಕ್ಕಾಲು ಲೀಟರ್ ಉಳಿದಿತ್ತು. ಅಕ್ಕ ಅದನ್ನು ಗಾಳಿಯಾಡದ ಸಣ್ಣ ಡಬ್ಬಕ್ಕೆ ತುಂಬಿ, ಶೇಡ್ ನಂಬರ್, ತಂದ ತಿಂಗಳು, ಮತ್ತು 'ಹಾಲು: 487.5' ಎಂದು ಮಾರ್ಕರ್‌ನಲ್ಲಿ ಬರೆದು ಅಟ್ಟದ ಮೇಲಿಟ್ಟಳು. ಮಾರನೇ ದಿನ ಭಾವ ಅದನ್ನು ನೋಡಿ, ಹಾಲು ಯಾಕೆ ಅಟ್ಟದ ಮೇಲಿದೆ ಎಂದು ಕೇಳಿದರಂತೆ.